ಮೂರರಲ್ಲಿ ಸಣ್ಣದು ಯಾವ್ದು? ಮುಂಬೈ ಬಾಡಿಗೆ ಮನೆಯ ಒಂದು ಲೆಕ್ಕ

ನಮ್ಮ ಅಂಕೋಲೆ ಬದಿಗೆ ಮುಂಬೈಗೋ ಬೆಂಗಳೂರಿಗೋ ಮಕ್ಕಳನ್ನ ಕಳಿಸದೇ ಇದ್ದ ಮನೆ ಈಗ ಹುಡ್ಕಿದ್ರೂ ಸಿಗೂದು ಕಷ್ಟ. ವರ್ಷದ ಹತ್ತು ತಿಂಗಳು ಅವ್ರ ಫೋನು ಬಂದ್ರೆ ಊಟ ಆಯ್ತಾ, ಮಳೆ ಬಂತಾ, ಇಶಾಡ ಮಾವಿನಹಣ್ಣು ಯಾರ ಕೈಲಿ ಕಳಿಸ್ತೀರಿ ಅನ್ನೂದೇ ಮಾತು. ಜನವರಿ, ಫೆಬ್ರವರಿ ಬಂತಂದ್ರೆ ಮಾತ್ರ ಮಾತು ಬದಲಾಗ್ತದೆ. ಬಾಡಿಗೆ ರಶೀದಿ, ಮಾಲಕರ ಪ್ಯಾನ್ ನಂಬರು, ಎಚ್‌ಆರ್‌ಎ. ಅಮ್ಮಂದಿರು ನನ್ನ ಹತ್ರ ಬಂದು, "ಅಕ್ಕಾ, ಇದು ಎಂತದೇ? ಮುಂಬೈ ಆದ್ರೆ ಅರ್ಧ ಸಂಬಳಕ್ಕೆ ತೆರಿಗೆನೇ ಇಲ್ಲಂತಲ್ಲ?" ಅಂತ ಕೇಳ್ತಾರೆ. ಕಾರವಾರದಲ್ಲಿ ಬಹಳ ವರ್ಷ ಸಂಬಳದ ಬಿಲ್ಲು ಬರೆಯೂ ಕೆಲಸದಲ್ಲಿ ಇದ್ದವಳು ನಾನು. ಹಾಗಾಗಿ ಈ ಪ್ರಶ್ನೆ ನನ್ನ ಬಿಟ್ಟು ಬೇರೆಯವ್ರ ಮನೆಗೆ ಹೋಗೂದಿಲ್ಲ.

ಅರ್ಧ ಸಂಬಳದ ಮಾತು ಸುಳ್ಳಲ್ಲ, ಆದ್ರೆ ಪೂರ್ತಿನೂ ಅಲ್ಲ. ಅದು ಮೂರು ಮೊತ್ತದಲ್ಲಿ ಒಂದು ಮಾತ್ರ. ಉಳಿದ ಎರಡನ್ನ ಯಾರೂ ಹೇಳೂದಿಲ್ಲ. ನಿಜ ಹೇಳ್ಬೇಕಂದ್ರೆ ಹೆಚ್ಚಿನ ಮಕ್ಕಳ ಲೆಕ್ಕ ನಿಲ್ಲೂದು ಆ ಎರಡರಲ್ಲಿ ಒಂದರ ಮೇಲೇ.

ಮೊದಲು ಎಚ್‌ಆರ್‌ಎ ಅಂದ್ರೆ ಎಂತ ಅಂತ ನೋಡ್ವ. ಆಫೀಸಿನವ್ರು ಸಂಬಳ ಕೊಡುವಾಗ ಅದನ್ನ ತುಂಡು ಮಾಡಿ ಕೊಡ್ತಾರೆ. ಬೇಸಿಕ್ ಅಂದ್ರೆ ಮೂಲ ವೇತನ ಒಂದು ತುಂಡು, ಮನೆ ಬಾಡಿಗೆ ಭತ್ಯೆ ಅಂದ್ರೆ ಎಚ್‌ಆರ್‌ಎ ಇನ್ನೊಂದು ತುಂಡು, ಉಳಿದ ಭತ್ಯೆಗಳು ಮತ್ತೊಂದು. ನಿಜವಾಗಿ ಬಾಡಿಗೆ ಕೊಟ್ಟು ಇರುವವ್ರಿಗೆ ಈ ಬಾಡಿಗೆ ತುಂಡಿನಲ್ಲಿ ಒಂದಷ್ಟಕ್ಕೆ ತೆರಿಗೆ ಬಿಡ್ತಾರೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಅದು ಕಲಂ 10(13ಎ). ಎಷ್ಟು ಬಿಡೂದು ಅನ್ನೂದು 1962ರ ನಿಯಮಗಳ 2ಎ ನಂಬರಿನ ನಿಯಮದಲ್ಲಿತ್ತು. ಆ ನಿಯಮ ಮೂರು ಮೊತ್ತ ಬರೀಲಿಕ್ಕೆ ಹೇಳ್ತಿತ್ತು.

ಒಂದು, ಕೈಗೆ ಬಂದ ಎಚ್‌ಆರ್‌ಎ ಎಷ್ಟೋ ಅಷ್ಟು.

ಎರಡು, ಕೊಟ್ಟ ಬಾಡಿಗೆಯಲ್ಲಿ ಸಂಬಳದ ಹತ್ತನೇ ಒಂದು ಪಾಲು ಕಳೆದ್ರೆ ಉಳಿಯೂದು ಎಷ್ಟೋ ಅಷ್ಟು.

ಮೂರು, ಮನೆ ಮುಂಬೈ, ಕೋಲ್ಕತ್ತಾ, ದಿಲ್ಲಿ, ಚೆನ್ನೈ ಈ ನಾಲ್ಕರಲ್ಲಿ ಇದ್ರೆ ಸಂಬಳದ ಅರ್ಧ. ಬೇರೆ ಯಾವ ಊರಾದ್ರೂ ಸಂಬಳದ ನೂರಕ್ಕೆ 40.

ಈ ಮೂರರಲ್ಲಿ ಯಾವ್ದು ಎಲ್ಲಕ್ಕಿಂತ ಸಣ್ಣದೋ ಅಷ್ಟಕ್ಕೇ ತೆರಿಗೆ ಬಿಡೂದು. ಇಲ್ಲಿ "ಸಂಬಳ" ಅಂದ್ರೆ ಪೂರ್ತಿ ಸಂಬಳ ಅಲ್ಲ, ನೆನಪಿಡಿ. ಬೇಸಿಕ್ಕು, ಮತ್ತೆ ನಿವೃತ್ತಿ ಲೆಕ್ಕಕ್ಕೆ ಸೇರುವ ತುಟ್ಟಿಭತ್ಯೆ ಇದ್ರೆ ಅದು. ಖಾಸಗಿ ಕೆಲಸದ ಹೆಚ್ಚಿನ ಮಕ್ಕಳಿಗೆ ತುಟ್ಟಿಭತ್ಯೆ ಇರೂದಿಲ್ಲ, ಬರೀ ಬೇಸಿಕ್ಕೇ. ಸರ್ಕಾರಿ ಕೆಲಸದವ್ರಿಗೆ ಎರಡೂ ಕೂಡಿಸ್ಬೇಕು.

ಎರಡನೇ ಮೊತ್ತ ಸ್ವಲ್ಪ ವಿಚಿತ್ರ ಅನ್ನಿಸ್ತದೆ. ಬಾಡಿಗೆ ಕೊಟ್ಟದ್ದು ನಾವು, ಅದ್ರಲ್ಲಿ ಹತ್ತನೇ ಪಾಲು ಯಾಕೆ ಕಳೀತಾರೆ? ಸಂಬಳದ ಹತ್ತನೇ ಒಂದು ಪಾಲಷ್ಟು ಬಾಡಿಗೆ ನಿಮ್ಮದೇ ಖರ್ಚು, ಅದಕ್ಕಿಂತ ಮೇಲೆ ಹೋದ್ರೆ ಮಾತ್ರ ನಾವು ನೋಡ್ತೇವೆ, ಅನ್ನೂ ಹಾಗೆ ಆ ನಿಯಮ ಕೂತಿದೆ. ಇದ್ರ ಬಿಸಿ ನಮ್ಮೂರಲ್ಲೇ ಗೊತ್ತಾಗ್ತದೆ. ಕಾರವಾರದಲ್ಲಿ ಬೇಸಿಕ್ಕು, ತುಟ್ಟಿಭತ್ಯೆ ಕೂಡಿ ತಿಂಗಳಿಗೆ 50,000 ಇದ್ದ ಒಬ್ಬ ಅಕ್ಕೋರು 4,500 ರೂಪಾಯಿ ಬಾಡಿಗೆಯ ಹಳೆ ಮನೆಯಲ್ಲಿದ್ರು ಅಂತ ಇಟ್ಕೊಳ್ಳಿ. ಹತ್ತನೇ ಪಾಲು 5,000. ಬಾಡಿಗೆ ಅದಕ್ಕಿಂತ ಕಡಿಮೆ. ಉಳಿಯೂದು ಸೊನ್ನೆ. ಎಚ್‌ಆರ್‌ಎ ತಿಂಗಳು ತಿಂಗಳು ಬಂದ್ರೂ ಅಷ್ಟಕ್ಕೂ ತೆರಿಗೆ. ರಶೀದಿ ಎಷ್ಟು ಚಂದ ಬರೆಸಿದ್ರೂ ಅದು ಹೀಗೇ. ಬಾವಿಗೆ ಹಗ್ಗ ಎಷ್ಟು ಉದ್ದ ಬಿಟ್ರೂ ನೀರು ಇದ್ದಷ್ಟೇ ಬರೂದಲ್ಲ?

ಈಗ ನನ್ನ ತಂಗಿ ಮಗಳ ಲೆಕ್ಕ ಹೇಳ್ತೆ. ಅವಳನ್ನ ಕೇಳಿಯೇ ಬರೀತಿದ್ದೆ. 2022ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗಿನ ವರ್ಷದ್ದು ಇದು. ಆಗ ಅವಳ ಬೇಸಿಕ್ಕು ತಿಂಗಳಿಗೆ 30,000, ಎಚ್‌ಆರ್‌ಎ 15,000, ಉಳಿದ ಭತ್ಯೆ 12,500. ಒಟ್ಟು 57,500. ವರ್ಷಕ್ಕೆ 6,90,000.

ಅವಳು ಹೋದ ಮೊದಲ ಮೂರು ತಿಂಗಳು, ಏಪ್ರಿಲ್‌ನಿಂದ ಜೂನ್‌ವರೆಗೆ, ಡೊಂಬಿವಿಲಿಯಲ್ಲಿ ಅತ್ತೆ ಮನೆಯಲ್ಲಿದ್ಲು. ಬಾಡಿಗೆ ಇಲ್ಲ, ಊಟನೂ ಅತ್ತೆದ್ದೇ. ಜುಲೈಯಿಂದ ಮುಲುಂಡದಲ್ಲಿ ಇನ್ನಿಬ್ರು ಹುಡ್ಗಿಯರ ಜೊತೆ ಸೇರಿ ಒಂದು ಫ್ಲಾಟು ಹಿಡಿದ್ಲು. ಬಾಡಿಗೆ 42,000, ಮೂರು ಪಾಲು ಮಾಡಿ ಇವಳದ್ದು 14,000. ಒಂಬತ್ತು ತಿಂಗಳಿಗೆ 1,26,000.

ಮನೆ ಹುಡ್ಕುವಾಗಲೇ ನನ್ನ ತಂಗಿ ಕೇಳಿದ್ಲು, "ಠಾಣೆಯಲ್ಲಿ ಹಿಡಿದ್ರೆ ಮುಂಬೈ ಲೆಕ್ಕ ಸಿಗೂದಿಲ್ಲಂತೆ, ಹೌದನೆ?" ಹೌದು, ನಿಯಮದಲ್ಲಿ ಇರೂದು ಮುಂಬೈ ಮಾತ್ರ. ಠಾಣೆ, ನವಿ ಮುಂಬೈ ಬೇರೆ ಊರು, ಅಲ್ಲಿ 40ರ ಲೆಕ್ಕ. ಆಫೀಸು ಎಲ್ಲಿದೆ ಅಂತ ನೋಡೂದಲ್ಲ, ಮನೆ ಎಲ್ಲಿದೆ ಅಂತ ನೋಡೂದು. ಮುಲುಂಡ ಮುಂಬೈ ಒಳಗೇ, ಅದರಾಚೆ ಠಾಣೆ ಶುರು. ಆದ್ರೆ ಈ ಹುಡ್ಗಿಗೆ ಅದ್ರಿಂದ ಒಂದು ರೂಪಾಯಿನೂ ಹೆಚ್ಚು ಕಡಿಮೆ ಆಗೂದಿಲ್ಲ ಅಂತ ನಾನು ಆಗಲೇ ಹೇಳಿದ್ದೆ. ಯಾಕೆ ಅಂತ ಈಗ ಕಾಣ್ತದೆ.

ಬಾಡಿಗೆ ಕೊಟ್ಟು ಇದ್ದದ್ದು ಒಂಬತ್ತು ತಿಂಗಳು. ಹಾಗಾಗಿ ಮೂರೂ ಮೊತ್ತವನ್ನ ಆ ಒಂಬತ್ತು ತಿಂಗಳಿಗೇ ಲೆಕ್ಕ ಹಾಕ್ಬೇಕು.

ಮೊದಲನೇದು, ಒಂಬತ್ತು ತಿಂಗಳ ಎಚ್‌ಆರ್‌ಎ 1,35,000.

ಎರಡನೇದು, ಒಂಬತ್ತು ತಿಂಗಳ ಬೇಸಿಕ್ಕು 2,70,000, ಅದ್ರ ಹತ್ತನೇ ಪಾಲು 27,000. ಬಾಡಿಗೆ 1,26,000ರಲ್ಲಿ 27,000 ಕಳೆದ್ರೆ 99,000.

ಮೂರನೇದು, 2,70,000ದ ಅರ್ಧ, 1,35,000.

ಸಣ್ಣದು 99,000. ಅಷ್ಟಕ್ಕೆ ತೆರಿಗೆ ಇಲ್ಲ. ಮನೆ ಠಾಣೆಯಲ್ಲಿದ್ದು ಬಾಡಿಗೆ ಇಷ್ಟೇ ಇದ್ದಿದ್ರೆ ಮೂರನೇದು 1,08,000 ಆಗ್ತಿತ್ತು. ಆಗಲೂ ಸಣ್ಣದು 99,000ವೇ. ಊರು ದೊಡ್ಡದಾದ್ರೆ ಮೂರನೇ ಮೊತ್ತ ಮಾತ್ರ ಹಿಗ್ಗೂದು, ಎರಡನೇದು ಹಿಗ್ಗೂದಿಲ್ಲ. ಬಾಡಿಗೆಯನ್ನ ಹಂಚ್ಕೊಂಡು ಇರುವ ಮಕ್ಕಳದ್ದು ಹೆಚ್ಚಾಗಿ ಎರಡನೇದ್ರಲ್ಲೇ ನಿಲ್ತದೆ.

ಹಾಗಾದ್ರೆ ಊರಿಂದ ವ್ಯತ್ಯಾಸ ಆಗೂದು ಯಾವಾಗ? ಅದಕ್ಕೆ ಮನೆಯಲ್ಲೇ ನೋಡೂಕೆ ಒಂದು ಸುಲಭದ ದಾರಿ ಇದೆ. ಮೊದಲ್ನೇದು, ಮೂರನೇದು ಇವೆರಡರಲ್ಲಿ ಸಣ್ಣದನ್ನ ತಕ್ಕೊಳ್ಳಿ, ಅದಕ್ಕೆ ಬೇಸಿಕ್ಕಿನ ಹತ್ತನೇ ಪಾಲು ಕೂಡ್ಸಿ. ಬಾಡಿಗೆ ಅಷ್ಟರೊಳಗೆ ಇದ್ರೆ ಎರಡನೇ ಮೊತ್ತವೇ ಲೆಕ್ಕಕ್ಕೆ ಬರೂದು. ಈ ಹುಡ್ಗಿಗೆ ಮುಂಬೈಯಲ್ಲಿ ತಿಂಗಳಿಗೆ 15,000ಕ್ಕೆ 3,000 ಕೂಡಿಸಿದ್ರೆ 18,000. ಇದೇ ಸಂಬಳ, ಇದೇ ಎಚ್‌ಆರ್‌ಎ ಇಟ್ಕೊಂಡು ಆ ವರ್ಷ ಬೆಂಗಳೂರಲ್ಲಿ ಇದ್ದಿದ್ರೆ ನೂರಕ್ಕೆ 40ರಂತೆ 12,000, ಅದಕ್ಕೆ 3,000 ಕೂಡಿಸಿ 15,000. ಅಂದ್ರೆ 14,000 ಬಾಡಿಗೆಗೆ ಎರಡೂ ಊರಲ್ಲಿ ತಿಂಗಳಿಗೆ 11,000ವೇ ಸಿಗೂದು. ಬಾಡಿಗೆ 17,000 ಆದ್ರೆ ಮುಂಬೈಯವ್ಳಿಗೆ 14,000, ಬೆಂಗಳೂರವ್ಳಿಗೆ 12,000. 18,000 ದಾಟಿದ ಮೇಲೆ ಮುಂಬೈಯಲ್ಲೂ ಒಂದು ಪೈಸೆ ಹೆಚ್ಚು ಸಿಗೂದಿಲ್ಲ. "ಬಾಡಿಗೆ ಹೆಚ್ಚಾದ್ರೆ ಎಂತ ಆಯ್ತು, ತೆರಿಗೆಯಲ್ಲಿ ಉಳೀತದಲ್ಲ" ಅಂತ ಮಕ್ಕಳು ಹೇಳಿದ್ರೆ ಈ ಗೆರೆ ಎಲ್ಲಿದೆ ಅಂತ ಒಮ್ಮೆ ಕೇಳಿ.

ಇಷ್ಟಕ್ಕೇ ಮುಗಿದಿದ್ರೆ ನಾನು ಬರೀತಿರ್ಲಿಲ್ಲ. ಅವಳ ಆಫೀಸಿನಲ್ಲಿ ಸಂಬಳ ನೋಡುವವ್ರು ಹಾಕಿದ ಲೆಕ್ಕ ಬೇರೆ ಇತ್ತು. ಮಾರ್ಚ್ ಸಂಬಳದಲ್ಲಿ ತೆರಿಗೆ ಮುರಿದದ್ದು ಕಂಡು ಅವಳು ಫೋನು ಮಾಡಿದ್ಲು. "ದೊಡ್ಡಮ್ಮ, ಇವ್ರು ಎಚ್‌ಆರ್‌ಎಗೆ 90,000 ಮಾತ್ರ ಬಿಟ್ಟಿದ್ದಾರೆ. ನೀನು 99,000 ಹೇಳಿದ್ಯಲ್ಲ?"

ನಾನು ಅವಳ ಹತ್ರ ಆ ಕಾಗದ ಓದಿಸ್ದೆ. ಬಾಡಿಗೆ ಒಂಬತ್ತು ತಿಂಗಳದ್ದು, 1,26,000 ಸರಿಯಾಗೇ ಇತ್ತು. ಕಳೆದ ಹತ್ತನೇ ಪಾಲು ಮಾತ್ರ 36,000 ಇತ್ತು. ಅಂದ್ರೆ ಹನ್ನೆರಡು ತಿಂಗಳ ಬೇಸಿಕ್ಕು 3,60,000ದ ಹತ್ತನೇ ಪಾಲು. ಅತ್ತೆ ಮನೆಯಲ್ಲಿ ಬಾಡಿಗೆ ಇಲ್ಲದೇ ಇದ್ದ ಮೂರು ತಿಂಗಳ ಸಂಬಳದ್ದೂ ಸೇರಿಸಿ ಕಳೆದ್ಬಿಟ್ಟಿದ್ರು. ನಿಯಮ ಹೇಳೂದು ಹಾಗಲ್ಲ. ಆ ಮನೆಯಲ್ಲಿ ವಾಸ ಇದ್ದ ಅವಧಿಯ ಸಂಬಳದ ಹತ್ತನೇ ಪಾಲು ಅಂತ ಸ್ಪಷ್ಟ ಇದೆ.

"9,000 ಅಲ್ಲನೇ, ಅದಕ್ಕೆ ತೆರಿಗೆ ಎಷ್ಟಾದೀತು? ಬಿಡು ಮಾರಾಯ್ತಿ" ಅಂದ್ಲು ತಂಗಿ. ನಾನು ಬಿಡ್ಲಿಲ್ಲ. ಯಾಕಂದ್ರೆ ಆ ವರ್ಷ ಹಳೆ ಪದ್ಧತಿಯಲ್ಲಿ ತೆರಿಗೆಗೆ ಬರುವ ಆದಾಯ 5 ಲಕ್ಷದೊಳಗೆ ನಿಂತ್ರೆ ರಿಬೇಟು ಸಿಕ್ಕಿ ತೆರಿಗೆ ಪೂರ್ತಿ ಸೊನ್ನೆ. ಒಂದು ಸ್ವಲ್ಪ ದಾಟಿದ್ರೂ ಆ ರಿಬೇಟು ಪೂರ್ತಿ ಹೋಗ್ತದೆ. ದಾಟಿದಷ್ಟಕ್ಕೆ ಮಾತ್ರ ತೆರಿಗೆ ಅಂತ ಅಲ್ಲಿ ಇಲ್ಲ.

ಲೆಕ್ಕ ನೋಡಿ. ವರ್ಷದ ಸಂಬಳ 6,90,000. ಅದ್ರಲ್ಲಿ ಎಚ್‌ಆರ್‌ಎ ವಿನಾಯಿತಿ 99,000 ತೆಗೆದ್ರೆ 5,91,000. ಸಂಬಳದವ್ರಿಗೆಲ್ಲ ಆ ವರ್ಷ ಸಿಗುತ್ತಿದ್ದ 50,000 ತೆಗೆದ್ರೆ 5,41,000. ಮಹಾರಾಷ್ಟ್ರದ ವೃತ್ತಿ ತೆರಿಗೆ 2,500, ಅವಳ ಪಿಎಫ್ 43,200 ತೆಗೆದ್ರೆ ಉಳಿಯೂದು 4,95,300. ಐದು ಲಕ್ಷದೊಳಗೆ. ತೆರಿಗೆ ಸೊನ್ನೆ.

ಆಫೀಸಿನವ್ರ ಹಾಗೆ 90,000 ಮಾತ್ರ ತೆಗೆದ್ರೆ ಉಳಿಯೂದು 5,04,300. ತೆರಿಗೆ 13,360, ಅದ್ರ ಮೇಲೆ ನೂರಕ್ಕೆ 4ರ ಸೆಸ್ ಕೂಡಿ ಸುಮಾರು 13,890 ರೂಪಾಯಿ. ಅಂದ್ರೆ 9,000 ರೂಪಾಯಿ ತಪ್ಪಿಗೆ 13,890 ರೂಪಾಯಿ ತೆರಿಗೆ. ಅವಳ ಒಂದು ತಿಂಗಳ ಬಾಡಿಗೆ ಹತ್ರ ಹತ್ರ ಅಷ್ಟೇ.

ಆಗ ನಮ್ಮ ಕೇರಿಯ ಒಬ್ರು ಒಂದು ಉಪಾಯ ಹೇಳಿದ್ರು. "ಅತ್ತೆ ಹತ್ರ ಮೂರು ತಿಂಗಳಿಗೆ ಒಂದು ರಶೀದಿ ಬರೆಸಿ ಕೊಡ್ರೆ. ಒಳಗಿನವ್ರೇ ಅಲ್ಲ? ಯಾರು ನೋಡ್ತಾರೆ?" ಸಂಬಂಧಿಕರಿಗೆ ಬಾಡಿಗೆ ಕೊಡೂದು ತಪ್ಪಲ್ಲ. ದುಡ್ಡು ನಿಜವಾಗಿ ಬ್ಯಾಂಕಿನಿಂದ ಹೋಗಿರ್ಬೇಕು, ತಕ್ಕೊಂಡವ್ರು ಅದನ್ನ ತಮ್ಮ ಆದಾಯದಲ್ಲಿ ತೋರಿಸ್ಬೇಕು. ಕೊಡದೇ ಇದ್ದ ಬಾಡಿಗೆಗೆ ರಶೀದಿ ಮಾಡೂದು ಮಾತ್ರ ಬೇರೆ. ಬಾಡಿಗೆ ಕೊಡದ ತಿಂಗಳಿಗೆ ವಿನಾಯಿತಿ ಇಲ್ಲವೇ ಇಲ್ಲ ಅಂತ ಕಾಯ್ದೆಯಲ್ಲೇ ಬರೆದಿದೆ. ಕೆಲವು ವರ್ಷ ಬಿಟ್ಟು ಕೇಳಿದ್ರೆ ಉತ್ತರ ಕೊಡ್ಬೇಕಾದವ್ರು ಆ ಅತ್ತೆನೂ ಹೌದು. ಮೂರು ತಿಂಗಳು ಅನ್ನ ಹಾಕಿದವ್ರನ್ನ ಅದಕ್ಕೆ ಸಿಕ್ಕಿಸೂದು ನಂಗೆ ಬೇಡಿತ್ತು. ಹುಡ್ಗಿನೂ ಬೇಡ ಅಂದ್ಲು. ಸರಿ ಲೆಕ್ಕ ಹಾಕಿದ್ರೇ ಸೊನ್ನೆ ಬರುವಾಗ ಸುಳ್ಳು ಕಾಗದ ಎಂತಕೆ?

ಅವಳು ಮೊದಲು ಆಫೀಸಿಗೆ ಬರೆದ್ಲು. ವರ್ಷ ಮುಗೀತು, ಮುರಿದ ತೆರಿಗೆ ಕಟ್ಟಿ ಆಯ್ತು, ಇನ್ನು ನಮ್ಮ ಕೈಲಿಲ್ಲ ಅಂದ್ರು. ಹೆದರೂದು ಬೇಕಾಗಿಲ್ಲ. ಆಫೀಸಿನವ್ರು ಕೊಟ್ಟ ಫಾರ್ಮ್ 16ರಲ್ಲಿ ಇದ್ದದ್ದೇ ಕೊನೆ ಮಾತಲ್ಲ. ರಿಟರ್ನ್ ತುಂಬುವಾಗ ಸರಿಯಾದ ಮೊತ್ತ ಹಾಕೂಕೆ ಆಗ್ತದೆ, ಆದ್ರೆ ಅದಕ್ಕೆ ತಕ್ಕ ಕಾಗದ ನಮ್ಮ ಹತ್ರ ಇರ್ಬೇಕು. ಅವಳು ಜುಲೈ ಒಳಗೆ ರಿಟರ್ನ್ ತುಂಬಿದ್ಲು. ಎಚ್‌ಆರ್‌ಎ ವಿನಾಯಿತಿ ಜಾಗದಲ್ಲಿ 99,000 ಹಾಕಿದ್ಲು. ಮುರಿದ ತೆರಿಗೆ ವಾಪಸ್ ಅವಳ ಬ್ಯಾಂಕ್ ಖಾತೆಗೇ ಬಂತು.

ಕಾಗದ ಅಂದ್ನಲ್ಲ, ಅದ್ರಲ್ಲಿ ಹುಡ್ಗಿಯರು ಎಡವೂದು ಎರಡು ಕಡೆ. ಒಂದು, ಮೂವರು ಒಟ್ಟಿಗೆ ಇರ್ತಾರೆ, ಕರಾರು ಪತ್ರ ಒಬ್ಬಳ ಹೆಸರಲ್ಲಿ, ಬಾಡಿಗೆನೂ ಅವಳ ಖಾತೆಯಿಂದಲೇ ಹೋಗ್ತದೆ. ಉಳಿದಿಬ್ರು ಅವಳಿಗೆ ಜೀಪೇ ಮಾಡ್ತಾರೆ. ಆಗ ಉಳಿದಿಬ್ರು ಮಾಲಕರಿಗೆ ಬಾಡಿಗೆ ಕೊಟ್ರು ಅನ್ನೂಕೆ ಎಂತ ಸಾಕ್ಷಿ? ನಮ್ಮ ಹುಡ್ಗಿ ಶುರುವಿನಲ್ಲೇ ಮೂವರ ಹೆಸರೂ ಕರಾರಿನಲ್ಲಿ ಹಾಕಿಸಿದ್ಲು. ತಿಂಗಳು ತಿಂಗಳು 14,000 ತನ್ನ ಖಾತೆಯಿಂದ ನೇರ ಮಾಲಕರಿಗೆ ಹಾಕ್ತಿದ್ಲು. ರಶೀದಿಯಲ್ಲಿ ತನ್ನ ಪಾಲು ಮಾತ್ರ ಬರೆಸ್ತಿದ್ಲು. ಡಿಪಾಜಿಟ್ಟು, ದಲಾಲಿ, ಕರೆಂಟು ಬಿಲ್ಲು ಇವೆಲ್ಲ ಬಾಡಿಗೆ ಅಲ್ಲ, ಅದನ್ನ ಸೇರ್ಸೂಕೆ ಹೋಗ್ಲಿಲ್ಲ.

ಇನ್ನೊಂದು, ಮಾಲಕರ ಪ್ಯಾನ್. ವರ್ಷದ ಬಾಡಿಗೆ 1 ಲಕ್ಷ ದಾಟಿದ್ರೆ ಆಗ ಆಫೀಸಿಗೆ ಕೊಡುತ್ತಿದ್ದ ಫಾರ್ಮ್ 12ಬಿಬಿಯಲ್ಲಿ ಅದನ್ನ ಬರೀಬೇಕಿತ್ತು. ಅವಳದ್ದು 1,26,000, ಹಾಗಾಗಿ ಬೇಕಿತ್ತು. ಕೆಲವು ಮಾಲಕರು ಫೆಬ್ರವರಿಯಲ್ಲಿ ಕೇಳಿದ್ರೆ ಕೊಡೂದಿಲ್ಲ, ಬಾಡಿಗೆ ಆದಾಯ ತೋರಿಸ್ಬೇಕಾಗ್ತದೆ ಅಂತ. ಕರಾರು ಮಾಡುವ ದಿನವೇ, ಡಿಪಾಜಿಟ್ಟು ಕೈಗೆ ಕೊಡೂ ಮೊದಲು ಕೇಳಿದ್ರೆ ಕೊಡ್ತಾರೆ. ಕೊಡೂದಿಲ್ಲ ಅಂದ್ರೆ ಅದನ್ನ ಬಾಡಿಗೆಯ ಒಂದು ಭಾಗ ಅಂತಲೇ ಎಣಿಸಿ ಆ ಮನೆ ಬೇಕೋ ಬೇಡವೋ ನೋಡ್ಬೇಕು.

ಈಗಿನವ್ರಿಗೆ ಒಂದು ಮಾತು. ಈ ವಿನಾಯಿತಿ ಇರೂದು ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ. 2023ರ ಏಪ್ರಿಲ್‌ನಿಂದ ನಾವು ಎಂತದೂ ಹೇಳದಿದ್ರೆ ಆಫೀಸಿನವ್ರು ಹೊಸ ಪದ್ಧತಿಯಲ್ಲೇ ಲೆಕ್ಕ ಹಾಕ್ತಾರೆ, ಅಲ್ಲಿ ಎಚ್‌ಆರ್‌ಎ ರಶೀದಿಗೆ ಕೆಲಸವೇ ಇಲ್ಲ. 2025-26ರ ವರ್ಷಕ್ಕಂತೂ ಹೊಸ ಪದ್ಧತಿಯಲ್ಲಿ ತೆರಿಗೆಗೆ ಬರುವ ಆದಾಯ 12 ಲಕ್ಷದವರೆಗೆ ಇದ್ರೆ ಸಂಬಳದವ್ರಿಗೆ ತೆರಿಗೆ ಇಲ್ಲ. ಅಂದ್ರೆ ನಮ್ಮ ಹುಡ್ಗಿಯ ಅಂದಿನ ಸಂಬಳಕ್ಕೆ ಇಂದು ಈ ಲೆಕ್ಕ ಹಾಕೂದೇ ಬೇಡ. ಸಂಬಳ ಹೆಚ್ಚಿದ್ದು, ಬಾಡಿಗೆನೂ ದೊಡ್ಡದಿದ್ದು, ಪಿಎಫ್, ಸಾಲದ ಬಡ್ಡಿ ಅಂತ ಬೇರೆ ಕಡಿತನೂ ಸುಮಾರು ಇದ್ದವ್ರು ಮಾತ್ರ ಎರಡೂ ಪದ್ಧತಿಯಲ್ಲಿ ಬರೆದು ನೋಡ್ಬೇಕು. ಅರ್ಧದ ಲೆಕ್ಕ ಯಾವ ಊರಿಗೆ ಅನ್ನೂದನ್ನೂ ಆಯಾ ವರ್ಷದ ನಿಯಮದಲ್ಲೇ ನೋಡ್ಬೇಕು. ನಾನು ಬರೆದ ನಾಲ್ಕು ಊರು ಆ ವರ್ಷದ್ದು.

ಹಾಗಾಗಿ ಮಕ್ಕಳ ಫೋನು ಬಂದಾಗ ಮೂರೇ ಪ್ರಶ್ನೆ ಕೇಳಿ ಸಾಕು. ಹಳೆ ಪದ್ಧತಿಯೋ ಹೊಸದೋ? ಬಾಡಿಗೆ ಕೊಟ್ಟದ್ದು ಎಷ್ಟು ತಿಂಗಳು? ಆಫೀಸಿನವ್ರು ಹತ್ತನೇ ಪಾಲು ಕಳೆದದ್ದು ಎಷ್ಟು ತಿಂಗಳ ಬೇಸಿಕ್ಕಿನದ್ದು? ಕಡೆಯ ಎರಡರ ಉತ್ತರ ಒಂದೇ ಇರ್ಬೇಕು. ಬೇರೆ ಬೇರೆ ಇದ್ರೆ ಪೆನ್ನು, ಕಾಗದ ತಕ್ಕೊಂಡು ಕೂತ್ಕೊಳ್ಳೂಕೆ ಹೇಳಿ.